ಸುರಂಗದ ಅಪಾಯಗಳಿಗೊಂದು ಕವಲುಪಟ್ಟಿ

ಕಾಮಗಾರಿಯಲ್ಲಿ ಏನೇನು ಕೆಡಬಹುದು ಎಂದು ಸುಮ್ಮನೆ ಕೇಳಿದರೆ ಮಳೆ, ದುಡ್ಡು, ಕೂಲಿಯಾಳು ಎನ್ನುವಷ್ಟಕ್ಕೇ ಮಾತು ನಿಂತುಬಿಡುತ್ತದೆ. ‘ರಿಸ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್’ ಅಪಾಯಗಳನ್ನು ಹುಟ್ಟುವ ಮೂಲದ ಪ್ರಕಾರ ಕವಲೊಡೆಸುತ್ತದೆ: ತಾಂತ್ರಿಕ, ಹೊರಗಿನ, ಗುತ್ತಿಗೆಯ, ನಿರ್ವಹಣೆಯ.

ನಮ್ಮ ಮೆಟ್ರೋ ಮೊದಲ ಹಂತದಲ್ಲಿ, ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ, ಸುರಂಗ ಕೊರೆಯುವ ‘ಗೋದಾವರಿ’ ಯಂತ್ರ ಕಟರ್‌ಹೆಡ್ ಹಾಳಾಗಿ ತಿಂಗಳುಗಟ್ಟಲೆ ನಿಂತಿತು. ಅಂಥ ಸುರಂಗಕ್ಕೆ ಪಟ್ಟಿ ಮಾಡೋಣ. ‘ತಾಂತ್ರಿಕ’ದ ಕೆಳಗೆ ‘ನೆಲ’, ಅದರ ಕೆಳಗೆ ‘ಅರ್ಧ ಮಣ್ಣು, ಅರ್ಧ ಬಂಡೆ’. ಹೀಗೆ ಮಿಶ್ರವಾದ ನೆಲದಲ್ಲಿ ಕಟರ್‌ಗಳು ಒಂದೇ ಸಮನೆ ಸವೆಯುವುದಿಲ್ಲ. ಬಂಡೆಗೆ ಬಡಿದಾಗಲೆಲ್ಲ ಏಟು ತಿನ್ನುತ್ತವೆ. ಬೋರ್‌ಹೋಲ್ ಕೊರೆದ ಜಾಗದ ನೆಲ ಮಾತ್ರ ಗೊತ್ತು, ಎರಡು ಬೋರ್‌ಹೋಲ್‌ಗಳ ನಡುವಿನದು ಊಹೆ. ಆಮೇಲೆ ‘ಹೊರಗಿನ’ ಕವಲಿಗೆ ಬನ್ನಿ: ಮೇಲೆ ಹಳೇ ಪೇಟೆಯ ಕಟ್ಟಡಗಳು. ಯಂತ್ರ ಅವುಗಳಡಿ ನಿಂತರೆ ರಿಪೇರಿಗೆ ಮೇಲಿನಿಂದ ಗುಂಡಿ ತೋಡುವುದೆಲ್ಲಿ? ಬಿಡಿಭಾಗ ತಡವಾದರೆ ನಷ್ಟ ಯಾರದು ಎಂಬುದು ‘ಗುತ್ತಿಗೆ’ಯ ಪ್ರಶ್ನೆ.

ನನಗೆ ಮುಖ್ಯವೆನಿಸುವುದು ಖಾಲಿ ಉಳಿದ ಕವಲು. ಅಲ್ಲಿ ಅಪಾಯವಿಲ್ಲ ಎಂದಲ್ಲ, ಬಲ್ಲವರನ್ನು ಇನ್ನೂ ಕೇಳಿಲ್ಲ ಎಂದರ್ಥವಿರಬಹುದು. ಆದರೆ ಯಾವ ಅಪಾಯ ಎಷ್ಟು ದೊಡ್ಡದು ಎಂಬುದನ್ನು ಈ ಪಟ್ಟಿ ಹೇಳದು. ಅದನ್ನು ಬೇರೆಯಾಗಿಯೇ ಅಳೆಯಬೇಕು.