ಆಡಿದ ಮಾತು ಹುಡುಕಾಟಕ್ಕೆ ಸಿಗಬೇಕಾದರೆ

ಕೊಳವೆಬಾವಿ ಮರುಪೂರಣದ ಬಗ್ಗೆ 50 ನಿಮಿಷದ ಪಾಡ್‌ಕಾಸ್ಟ್ ಒಂದಿದೆ ಎಂದಿಟ್ಟುಕೊಳ್ಳಿ. ಕೇಸಿಂಗ್ ಪೈಪಿನ ಸುತ್ತ ಗುಂಡಿ ತೋಡಿ ಕೆಳಗೆ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು ತುಂಬಬೇಕೆಂದು ಅತಿಥಿ ವಿವರಿಸುವುದು 31ನೇ ನಿಮಿಷದಲ್ಲಿ. ರೈತನಿಗೆ ಬೇಕಿರುವುದು ಅಷ್ಟೇ. ಆದರೆ ಹುಡುಕಾಟ ನಡೆಯುವುದು ಹೆಚ್ಚಾಗಿ ಅಕ್ಷರದ ಮೇಲೆ. ಬರಹದಲ್ಲಿ ಇಲ್ಲದ ಮಾತು ಆಡಿದ್ದರೂ ಆಡದಂತೆಯೇ.

ಮೊದಲ ಕೆಲಸ ಲಿಪ್ಯಂತರ. ಈಗ ಯಂತ್ರವೇ ಅದನ್ನು ಮಾಡುತ್ತದೆ, ನಿಮಿಷ-ಸೆಕೆಂಡುಗಳನ್ನೂ ಜೊತೆಗೆ ಕೊಡುತ್ತದೆ. ಅದು ಎಡವುವುದು ಊರಿನ ಹೆಸರು, ಆಡುಮಾತು, ಅಂಕಿಗಳಲ್ಲಿ. ‘ಇಪ್ಪತ್ತು ಅಡಿ’ ಎಂದದ್ದು ‘ಎಪ್ಪತ್ತು ಅಡಿ’ ಎಂದಾದರೂ ವಾಕ್ಯ ಸರಿಯಾಗಿಯೇ ಕಾಣುತ್ತದೆ, ಓದಿದರೆ ತಪ್ಪು ಹೊಳೆಯುವುದಿಲ್ಲ. ಹಾಗಾಗಿ ಅಂಕಿ, ಹೆಸರು ಬಂದ ಕಡೆಗಳಲ್ಲಿ ಮಾತ್ರವಾದರೂ ಧ್ವನಿಯನ್ನು ಮತ್ತೆ ಕೇಳಲೇಬೇಕು. ಯಾರೂ ಮಾತಾಡದ ಕಡೆ ಯಂತ್ರ ತಾನೇ ಒಂದು ವಾಕ್ಯ ಹುಟ್ಟಿಸುವುದೂ ಉಂಟು!

ಮುಂದಿನದು ಟಿಪ್ಪಣಿ. ಯೂಟ್ಯೂಬ್ ವಿವರಣೆಯಲ್ಲಿ ಹೀಗೆ ಬರೆದರೆ ವಿಡಿಯೊ ತಾನಾಗಿ ಅಧ್ಯಾಯಗಳಾಗಿ ಒಡೆಯುತ್ತದೆ:

```
00:00 ಪರಿಚಯ
12:40 ಬೋರ್‌ವೆಲ್ ಬತ್ತುವುದೇಕೆ
31:05 ಇಂಗುಗುಂಡಿಗೆ ಕಲ್ಲು, ಜಲ್ಲಿ, ಮರಳು
```

ಮೊದಲ ಸಾಲು ಸೊನ್ನೆಯಿಂದಲೇ ಶುರುವಾಗಬೇಕು, ಕನಿಷ್ಠ 3 ಸಾಲುಗಳಿರಬೇಕು, ಪ್ರತಿ ಅಧ್ಯಾಯ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ‘ಸ್ವಾರಸ್ಯಕರ ಚರ್ಚೆ’ ಎಂಬಂಥ ತಲೆಬರಹದಿಂದ ಯಾರಿಗೂ ಉಪಯೋಗವಿಲ್ಲ. ಕೇಳುಗ ಏನೆಂದು ಟೈಪ್ ಮಾಡಬಹುದೋ ಅದೇ ಅಲ್ಲಿರಬೇಕು.

ಲಿಪ್ಯಂತರವನ್ನೇ ಲೇಖನವೆಂದು ಹಾಕುವವರಿದ್ದಾರೆ. ‘ಅದೇ ಸರ್, ಏನಂದ್ರೆ’ಗಳ ನಡುವೆ ವಿಷಯ ಹೆಕ್ಕುವ ತಾಳ್ಮೆ ಓದುಗರಿಗೆ ಎಲ್ಲಿಂದ ಬರಬೇಕು? ಲೇಖನವನ್ನು ಬೇರೆಯಾಗಿಯೇ ಬರೆಯಬೇಕು. ಅತಿಥಿ ಮೂರು ಕಡೆ ಚದುರಿಸಿ ಹೇಳಿದ ಗುಂಡಿಯ ವಿಷಯವನ್ನು ಒಂದೆಡೆ ತಂದು, ಪಕ್ಕದಲ್ಲಿ ಆಯಾ ನಿಮಿಷವನ್ನು ಕಾಣಿಸಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಬ್ರೌಸರಿನ ಸಾದಾ ಹುಡುಕಾಟದಲ್ಲಿ ‘ನೀರು’ ಎಂದು ಕೊಟ್ಟರೆ ‘ನೀರಿಗೆ’, ‘ನೀರನ್ನು’ ಸಿಗುವುದಿಲ್ಲ. ವಿಭಕ್ತಿ ಸೇರುವಾಗ ಕೊನೆಯ ಸ್ವರವೇ ಬದಲಾಗಿರುತ್ತದೆ. ಜೊತೆಗೆ ಅತಿಥಿ ಉದ್ದಕ್ಕೂ ‘ಬೋರು’ ಎನ್ನುತ್ತಾರೆ, ಹುಡುಕುವವರು ‘ಕೊಳವೆಬಾವಿ’ ಎಂದೋ ‘ಬೋರ್‌ವೆಲ್’ ಎಂದೋ ಕೊಡುತ್ತಾರೆ. ಆದ್ದರಿಂದ ಮುಖ್ಯ ಪದಗಳು ಪ್ರತ್ಯಯವಿಲ್ಲದ ರೂಪದಲ್ಲಿ ಉಪಶೀರ್ಷಿಕೆಯಲ್ಲೋ ಮೊದಲ ವಾಕ್ಯದಲ್ಲೋ ಒಮ್ಮೆಯಾದರೂ ಬರಲಿ, ಪರ್ಯಾಯ ಪದಗಳೂ ಸಹಜವಾಗಿ ಸೇರಿಕೊಳ್ಳಲಿ.

ಪ್ರಕಟಿಸಿದ ಮೇಲೂ ಒಮ್ಮೆ ಪರೀಕ್ಷಿಸಬೇಕು. ಆಡಿಯೊ ಆವೃತ್ತಿಗೆ ಕೆಲವು ವೇದಿಕೆಗಳು ನಡುವೆ ಜಾಹೀರಾತು ತುರುಕುತ್ತವೆ. ಎರಡು ನಿಮಿಷದ ಜಾಹೀರಾತು ಬಂದರೆ 31:05ರ ಕಲ್ಲು-ಜಲ್ಲಿ 33:05ಕ್ಕೆ ಜಾರುತ್ತದೆ. ಕೇಳುಗರಿಂದ ಕೇಳುಗರಿಗೆ ಜಾಹೀರಾತು ಬದಲಾಗುವಲ್ಲಿ ನಿಮಿಷಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ವಿಷಯಗಳ ಕ್ರಮವನ್ನಷ್ಟೇ ಕೊಟ್ಟು, ನಿಖರ ಸಮಯಕ್ಕೆ ವಿಡಿಯೊದ ಕೊಂಡಿ ಹಾಕುವುದು ವಾಸಿ.