ರಚ್ಚೆಗೆ ಮುಂಚಿನ ಸುಳಿವುಗಳು

ಮದುವೆ ಛತ್ರಕ್ಕೆ ನಾಲ್ಕು ತಿಂಗಳ ಕೂಸೊಂದು ಬಂತೆಂದರೆ ಅದು ಒಬ್ಬರ ತೋಳಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಸೋದರತ್ತೆಯಿಂದ ದೊಡ್ಡಮ್ಮನಿಗೆ, ಅಲ್ಲಿಂದ ಇನ್ಯಾರಿಗೋ ಕೈ ದಾಟುತ್ತಲೇ ಇರುತ್ತದೆ. ಮೊದಮೊದಲು ಅದು ಎದುರಿಗಿದ್ದವರ ಮುಖವನ್ನು ಕಣ್ಣರಳಿಸಿ ನೋಡುತ್ತದೆ, ನಗಿಸಿದರೆ ನಗುತ್ತದೆ. ಆಮೇಲೆ ಯಾವಾಗಲೋ ಮುಖ ಪಕ್ಕಕ್ಕೆ ತಿರುಗುತ್ತದೆ. ಕಣ್ಣು ತೆರೆದೇ ಇದ್ದರೂ ನೋಟ ಕಂಬದ ಮೇಲೋ ಖಾಲಿ ಗೋಡೆಯ ಮೇಲೋ ನೆಟ್ಟಿರುತ್ತದೆ, ಕೈಕಾಲಿನ ಆಟ ತಗ್ಗಿರುತ್ತದೆ. ಎತ್ತಿಕೊಂಡವರು ಬೇಸರವಾಯಿತೇನೋ ಎಂದುಕೊಂಡು ಚಿಟಿಕೆ ಹೊಡೆದು, ಗಿಲಕಿ ಆಡಿಸಿ, ‘ಇಲ್ನೋಡು ಪುಟ್ಟಾ’ ಎಂದು ಮತ್ತೆ ತಮ್ಮತ್ತ ತಿರುಗಿಸಿಕೊಳ್ಳುತ್ತಾರೆ.

ಕೂಸು ಕೇಳುತ್ತಿದ್ದುದು ಇದಕ್ಕೆ ತದ್ವಿರುದ್ಧ. ಮಾತು ಬಾರದ, ಎದ್ದು ಹೋಗಲಾಗದ ಜೀವಕ್ಕೆ ತನ್ನೊಳಕ್ಕೆ ಬರುತ್ತಿರುವ ಗದ್ದಲವನ್ನು ತಗ್ಗಿಸಲು ಇರುವ ದಾರಿಗಳು ಬಹಳ ಕಡಿಮೆ. ನೋಟ ತಿರುಗಿಸುವುದು ಅವುಗಳಲ್ಲೊಂದು. ಅಮೆರಿಕದ ಮನೋವಿಜ್ಞಾನಿ ಟಿಫನಿ ಫೀಲ್ಡ್ 1981ರಲ್ಲಿ, ತಾಯಿಯ ಎದುರು ಕುಳಿತ ಎಳೆಗೂಸುಗಳ ಎದೆಬಡಿತವನ್ನು ಅಳೆದರು. ಕೂಸು ಮುಖ ತಿರುಗಿಸುವ ಕೆಲವೇ ಸೆಕೆಂಡು ಮೊದಲು ಬಡಿತ ಏರುತ್ತಿತ್ತು, ತಿರುಗಿಸಿದ ಮೇಲೆ ಇಳಿಯುತ್ತಿತ್ತು. ಅಂದರೆ ನೋಟ ತಪ್ಪಿಸಿದ್ದು ಕೂಸು ತನ್ನನ್ನು ತಾನೇ ಸಂತೈಸಿಕೊಂಡ ಬಗೆ. ದಣಿವು ಹತ್ತಿರವಾದಾಗ ಈ ತಪ್ಪಿಸಿಕೊಳ್ಳುವಿಕೆ ಹೆಚ್ಚುತ್ತದೆ, ಮತ್ತೆ ಮುಖ ನೋಡಲು ಮರಳುವುದು ತಡವಾಗುತ್ತದೆ. ಸದ್ದಿಲ್ಲದ ಸುಳಿವಾದ್ದರಿಂದ ಎಲ್ಲಕ್ಕಿಂತ ಮೊದಲು ಕೈತಪ್ಪಿ ಹೋಗುವುದೂ ಇದೇ.

ಆಕಳಿಕೆಯನ್ನು ಎಲ್ಲರೂ ಗುರುತಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಆಕಳಿಕೆ ಬರುತ್ತದೆ ಎಂಬ ಹಳೆಯ ವಿವರಣೆ ಮಾತ್ರ ನಿಲ್ಲಲಿಲ್ಲ. 1987ರಲ್ಲಿ ರಾಬರ್ಟ್ ಪ್ರೊವೈನ್ ಮತ್ತು ಸಂಗಡಿಗರು ಜನರಿಗೆ ಶುದ್ಧ ಆಮ್ಲಜನಕವನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನೂ ಉಸಿರಾಡಲು ಕೊಟ್ಟು ನೋಡಿದರು. ಆಕಳಿಕೆ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಅದು ಎಚ್ಚರ ಮತ್ತು ನಿದ್ದೆಯ ನಡುವಿನ ಗಡಿಯಲ್ಲಿ ಬರುವಂಥದು. ಎದ್ದ ಕೂಡಲೇ ಕೂಸು ಆಕಳಿಸುವುದೂ ಅದಕ್ಕೇ, ಹಾಗಾಗಿ ಯಾವ ಹೊತ್ತಿನ ಆಕಳಿಕೆ ಎಂಬುದು ಮುಖ್ಯ. ಇನ್ನೊಂದು ವಿಷಯ ಇಲ್ಲಿ ನೆರವಿಗೆ ಬರುತ್ತದೆ. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಅಂಟುವುದು ಮಕ್ಕಳಲ್ಲಿ ಸಾಮಾನ್ಯವಾಗಿ ಶುರುವಾಗುವುದು ನಾಲ್ಕು ವರ್ಷದ ಸುಮಾರಿಗೆ. ಆದ್ದರಿಂದ ಅಮ್ಮ ಆಕಳಿಸಿದ್ದನ್ನು ನೋಡಿ ಕೂಸು ಆಕಳಿಸಿತು ಎಂದು ತಳ್ಳಿಹಾಕುವಂತಿಲ್ಲ.

ಕಣ್ಣುಜ್ಜುವುದು ಕೈಯ ಮೇಲೆ ಹಿಡಿತ ಬಂದ ಮೇಲೆ, ಅಂದರೆ ಮೂರ್ನಾಲ್ಕು ತಿಂಗಳಾದ ಬಳಿಕ ಸ್ಪಷ್ಟವಾಗಿ ಕಾಣುತ್ತದೆ. ದಣಿದ ರೆಪ್ಪೆ ಭಾರವಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ, ಮುಷ್ಟಿ ತಾನಾಗಿ ಅಲ್ಲಿಗೆ ಹೋಗುತ್ತದೆ. ಕೈ ಬಾಯಿಗೆ ಹೋಗುತ್ತಿದ್ದರೆ ಹಸಿವು ಇರಬಹುದು. ಕಣ್ಣಿಗೆ, ಕಿವಿಗೆ ಹೋಗುತ್ತಿದ್ದರೆ ನಿದ್ದೆ ಇರಬಹುದು. ನಮ್ಮ ಮನೆಗಳಲ್ಲಿ ಈ ಗುರುತನ್ನು ಕೆಡಿಸುವ ವಸ್ತುವೊಂದಿದೆ: ಕಾಡಿಗೆ. ಕಣ್ಣಿನೊಳಕ್ಕೆ ಹಚ್ಚಿದ ಕಾಡಿಗೆ ಚುಚ್ಚಿದರೂ ಕೂಸು ಉಜ್ಜುತ್ತಲೇ ಇರುತ್ತದೆ. ಕೆಲವು ಕಾಡಿಗೆಗಳಲ್ಲಿ ಸೀಸ ಇರುವುದೂ ಪತ್ತೆಯಾಗಿದೆ, ಮಕ್ಕಳ ವೈದ್ಯರು ಅದನ್ನು ಬೇಡವೆನ್ನುವುದು ಇದಕ್ಕಾಗಿ. ಕಣ್ಣು ಕೆಂಪಾಗಿ ಪಿಸುರು ಕಟ್ಟಿದ್ದರೆ ಅದು ನಿದ್ದೆಯ ಮಾತಲ್ಲ, ಸೋಂಕಿನ ಮಾತು.

ಈ ಸುಳಿವುಗಳ ಹಿಂದೆ ನಡೆಯುವುದೇನು? ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆಯ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ದೊಡ್ಡವರು ಕಾಫಿ ಕುಡಿದು ಎಚ್ಚರವಿರುವುದು ಕೆಫೀನ್ ಈ ಅಡಿನೋಸಿನ್ ಕೆಲಸಕ್ಕೆ ಅಡ್ಡ ನಿಲ್ಲುವುದರಿಂದ. ಎಳೆಯ ಮಿದುಳಿನಲ್ಲಿ ಈ ಒತ್ತಡ ನಮ್ಮದಕ್ಕಿಂತ ಬಹಳ ಬೇಗ ಏರುತ್ತದೆ. ನಾಲ್ಕು ತಿಂಗಳ ಹೆಚ್ಚಿನ ಕೂಸುಗಳು ಒಮ್ಮೆ ಎದ್ದರೆ ಸುಮಾರು ಒಂದೂವರೆಯಿಂದ ಎರಡು ತಾಸು ಮಾತ್ರ ನೆಮ್ಮದಿಯಾಗಿ ಎಚ್ಚರವಿರಬಲ್ಲವು. ಮುಹೂರ್ತ, ಊಟ, ಫೋಟೊ ಎಲ್ಲ ಮುಗಿಯುವ ಹೊತ್ತಿಗೆ ಆ ಗಡಿ ಎಂದೋ ದಾಟಿರುತ್ತದೆ.

ಗಡಿ ದಾಟಿದ ಮೇಲೆ ನಡೆಯುವುದೇ ಹೆತ್ತವರನ್ನು ದಿಕ್ಕುತಪ್ಪಿಸುತ್ತದೆ. ದಣಿದ ದೇಹ ಕುಸಿಯುವ ಬದಲು ಕೆರಳುತ್ತದೆ. ಎದೆಬಡಿತ ಏರುತ್ತದೆ, ಕೂಸು ಬೆನ್ನು ಬಿಲ್ಲಾಗಿಸುತ್ತದೆ, ಕೈಕಾಲು ಬಡಿಯುತ್ತದೆ, ಒಂದು ಗಳಿಗೆ ಅತಿಯಾಗಿ ನಕ್ಕು ಮರುಗಳಿಗೆ ಕಿರುಚುತ್ತದೆ. ‘ಇದಕ್ಕೆ ನಿದ್ದೆಯೇ ಬಂದಿಲ್ಲ, ನೋಡಿ ಹೇಗೆ ಆಡ್ತಿದೆ’ ಎನ್ನಿಸುವುದು ಈ ಹಂತದಲ್ಲೇ. ಕೆಲವೇ ನಿಮಿಷದಲ್ಲಿ ಅದು ರಚ್ಚೆ ಹಿಡಿಯುತ್ತದೆ, ಹಾಲು ಕೊಟ್ಟರೂ ಬೇಡ, ಎತ್ತಿಕೊಂಡರೂ ಬೇಡ. ದೃಷ್ಟಿಯಾಗಿದೆ ಎಂದು ಹಿರಿಯರು ಒಳಕೋಣೆಗೆ ಕರೆದೊಯ್ದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಎಷ್ಟೋ ಸಲ ಕೂಸು ಅಲ್ಲಿ ನಿಜಕ್ಕೂ ಸಮಾಧಾನವಾಗುತ್ತದೆ: ವಾಲಗದ ಸದ್ದು ದೂರವಾಗಿದೆ, ಬೆಳಕು ಕಡಿಮೆಯಾಗಿದೆ, ಪರಿಚಿತ ತೋಳು ಸಿಕ್ಕಿದೆ.

ಮಿನೆಸೋಟಾ ವಿಶ್ವವಿದ್ಯಾಲಯದ ಮೆಗನ್ ಗನ್ನರ್ ತಂಡ ಒಂಬತ್ತು ತಿಂಗಳ ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಾಗ, ಬೆಳಗಿನ ನಿದ್ದೆಯ ನಂತರ ಅದು ಇಳಿದಿರುವುದು ಕಂಡಿತು. ಹಗಲುನಿದ್ದೆ ತಪ್ಪಿದರೆ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ದೊಡ್ಡ ಮಕ್ಕಳಲ್ಲಿ ಪರೀಕ್ಷಿಸಿದ್ದು ಕೊಲರಾಡೊದ ಮೋನಿಕ್ ಲಬೋರ್ಜ್ವಾ ಮತ್ತು ಸಂಗಡಿಗರು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ಎರಡೂವರೆಯಿಂದ ಮೂರು ವರ್ಷದ ಹತ್ತು ಮಕ್ಕಳಿಗೆ ಒಂದು ದಿನ ಮಧ್ಯಾಹ್ನದ ನಿದ್ದೆ ಕೊಟ್ಟು, ಇನ್ನೊಂದು ದಿನ ತಪ್ಪಿಸಿ, ಎರಡೂ ದಿನ ಚಿತ್ರ ಜೋಡಿಸುವ ಆಟ ಕೊಟ್ಟರು. ಒಂದು ಆಟದಲ್ಲಿ ಎಲ್ಲ ತುಂಡುಗಳೂ ಸರಿಯಿದ್ದವು, ಇನ್ನೊಂದರಲ್ಲಿ ಬೇಕೆಂದೇ ಹೊಂದದ ತುಂಡನ್ನು ಸೇರಿಸಿದ್ದರು. ನಿದ್ದೆ ತಪ್ಪಿದ ದಿನ, ಆಟ ಸರಿಹೊಂದಿದಾಗ ಮಕ್ಕಳು ತೋರಿದ ಸಂತೋಷ ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಹೊಂದದ ತುಂಡಿನ ಮುಂದೆ ಸಿಟ್ಟು, ಸಂಕಟ ಶೇಕಡಾ 31ರಷ್ಟು ಹೆಚ್ಚಿತ್ತು. ‘ಇದರಲ್ಲೇನೋ ತಪ್ಪಿದೆ’ ಎಂಬ ಗೊಂದಲದ ಮುಖಭಾವ ಕೂಡ ತಗ್ಗಿತ್ತು. ಈ ಕೊನೆಯದೇ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು, ಏಕೆಂದರೆ ತಪ್ಪನ್ನು ಗಮನಿಸಿ ತಬ್ಬಿಬ್ಬಾಗುವ ಮಗುವೇ ದಾರಿ ಹುಡುಕಲು ಹೊರಡುತ್ತದೆ. ತಪ್ಪಿದ್ದು ಒಂದೇ ಒಂದು ನಿದ್ದೆ.

ಹೊತ್ತು ಮೀರಿ ಹೋದ ಮೇಲೆ ಮಾಡಬಹುದಾದ್ದನ್ನು ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ತಂಡ 2022ರಲ್ಲಿ ತೋರಿಸಿಕೊಟ್ಟಿತು. ಅಳುವ ಕೂಸನ್ನು ಎದೆಗವಚಿ ಐದು ನಿಮಿಷ ನಿಲ್ಲದೆ ನಡೆದಾಗ ಎದೆಬಡಿತ ಇಳಿದು ಅಳು ನಿಂತಿತು, ಸುಮಾರು ಅರ್ಧದಷ್ಟು ಕೂಸುಗಳು ನಿದ್ದೆಗೂ ಜಾರಿದವು. ಆದರೆ ಹಾಸಿಗೆಗೆ ಇಳಿಸಿದ ಕೂಡಲೇ ಹಲವು ಎಚ್ಚರಗೊಂಡವು. ಅದಕ್ಕೆ ತಂಡ ಸೂಚಿಸಿದ ಕ್ರಮ: ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿದ್ದು, ಆಮೇಲೆ ಇಳಿಸುವುದು. ಮಲಗಿಸುವಾಗ ಅಂಗಾತ, ಗಟ್ಟಿ ಹಾಸಿನ ಮೇಲೆ, ಮುಖದ ಬಳಿ ದಿಂಬಿಲ್ಲದಂತೆ.

ಎಲ್ಲ ಅಳುವೂ ತಪ್ಪಿದ ಸುಳಿವಿನದಲ್ಲ. ಹುಟ್ಟಿದ ಎರಡನೆಯ ತಿಂಗಳಲ್ಲಿ, ಬಹುಪಾಲು ಸಂಜೆಯ ಹೊತ್ತು, ಕೂಸುಗಳು ಕಾರಣವೇ ಕಾಣದೆ ಅಳುವುದು ಉತ್ತುಂಗಕ್ಕೇರಿ ನಂತರ ತಾನಾಗಿ ಇಳಿಯುತ್ತದೆ. ಆಗ ತಾಯಿ ತನ್ನನ್ನು ಹಳಿದುಕೊಳ್ಳಬೇಕಿಲ್ಲ. ತಾಳ್ಮೆ ಕೆಟ್ಟರೆ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಸ್ವಲ್ಪ ಹೊತ್ತು ಆಚೆ ಹೋಗಬಹುದು, ಅಲುಗಾಡಿಸಿ ಕುಲುಕುವುದು ಮಾತ್ರ ಎಳೆಯ ಮಿದುಳಿಗೆ ಪ್ರಾಣಾಪಾಯ. ಇನ್ನು, ಚೆನ್ನಾಗಿ ಮಲಗಿ ಎದ್ದ ಮೇಲೂ ನೋಟ ಸೇರಿಸದ, ಹಾಲು ಕುಡಿಯದ, ಎಬ್ಬಿಸಿದರೂ ಜೋಲುವ ಕೂಸಿಗೆ, ಅದರಲ್ಲೂ ಮೈ ಬಿಸಿಯಿದ್ದರೆ ಅಥವಾ ತಣ್ಣಗಿದ್ದರೆ, ಬೇಕಾದ್ದು ಜೋಗುಳವಲ್ಲ. ತಡಮಾಡದೆ ಅದನ್ನು ವೈದ್ಯರಿಗೆ ತೋರಿಸಬೇಕು.