ರಾತ್ರಿ ಪಾಳಿಯ ಮೇಲಿನ ಅಪವಾದ

ಹೊಸಕೋಟೆ ಕಡೆಯ ಹೆದ್ದಾರಿ ಬದಿಯ ಒಂದು ಪಾರ್ಸೆಲ್ ಗೋದಾಮು. ಮಂಜುಳಾ ಅಲ್ಲಿ ರಾತ್ರಿ ಪಾಳಿಗೆ ಸೇರಿ ಎರಡು ವರ್ಷವಾಗಿದೆ. ಅವಳನ್ನು ಈ ಬರಹಕ್ಕೆಂದೇ ಕಲ್ಪಿಸಿಕೊಂಡಿದ್ದೇನೆ, ಆದರೆ ಅವಳಿಗಿರುವ ಕಾಯಿಲೆ ನಮ್ಮ ಹೆಂಗಸರಲ್ಲಿ ತೀರಾ ಸಾಮಾನ್ಯ. ರಾತ್ರಿ ಒಂಬತ್ತಕ್ಕೆ ಒಳಗೆ ಹೋದರೆ ಬೆಳಗ್ಗೆ ಆರಕ್ಕೆ ಹೊರಗೆ. ಕೈಯಲ್ಲಿ ಸ್ಕ್ಯಾನರ್, ಮುಂದೆ ತಳ್ಳುಗಾಡಿ, ರ‍್ಯಾಕಿನಿಂದ ರ‍್ಯಾಕಿಗೆ ನಡಿಗೆ. ಅವಳಿಗೆ ವಯಸ್ಸು ಮೂವತ್ತನಾಲ್ಕು, ಮಗಳು ಐದನೇ ಕ್ಲಾಸು.

ಸುಸ್ತು ಯಾವಾಗ ಶುರುವಾಯಿತೆಂದು ಕೇಳಿದರೆ ಅವಳಿಗೇ ನೆನಪಿಲ್ಲ. ಮನೆಯಲ್ಲಿ ಅದಕ್ಕೆ ಕಾರಣ ಹುಡುಕುವ ಗೋಜಿಗೂ ಯಾರೂ ಹೋಗಲಿಲ್ಲ. "ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡಿದ್ರೆ ಇನ್ನೇನಾಗುತ್ತೆ?" ಅಂದರು ಅತ್ತೆ. ಕೂದಲು ಉದುರಿದರೂ ಪಾಳಿ, ಮುಖ ಬಿಳಿಚಿಕೊಂಡರೂ ಪಾಳಿ, ಮಗಳ ಮೇಲೆ ರೇಗಿದರೂ ಪಾಳಿ. ಅವಳೂ ಅದನ್ನೇ ನಂಬಿ, ಎಚ್ಚರವಾಗಿರಲು ಕ್ಯಾಂಟೀನಿನಲ್ಲಿ ರಾತ್ರಿಗೆ ನಾಲ್ಕೈದು ಲೋಟ ಚಹಾ ಕುಡಿಯುತ್ತಿದ್ದಳು.

ಮೊದಲ ಅನುಮಾನ ಬಂದದ್ದು ಮೆಟ್ಟಿಲ ಮೇಲೆ. ಗೋದಾಮಿನ ಮೇಲಿನ ಅಟ್ಟಕ್ಕೆ ಇಪ್ಪತ್ತು ಚಿಲ್ಲರೆ ಮೆಟ್ಟಿಲು. ಹಿಂದೆ ಮಾತಾಡುತ್ತ ಹತ್ತುತ್ತಿದ್ದವಳು ಈಗ ನಡುವೆ ಕಂಬಿ ಹಿಡಿದು ನಿಲ್ಲಬೇಕಾಗಿತ್ತು. ಎದೆ ಡವಗುಟ್ಟುವುದು ಕಿವಿಗೇ ಕೇಳಿಸುತ್ತಿತ್ತು. ಜೊತೆಯವರೂ ಅದೇ ಪಾಳಿಯವರು. ಮೂರು ಗಂಟೆಯ ಹೊತ್ತಿಗೆ ಅವರೂ ತೂಕಡಿಸುತ್ತಾರೆ, ಆಕಳಿಸುತ್ತಾರೆ. ಆದರೆ ಮೆಟ್ಟಿಲಲ್ಲಿ ಯಾರೂ ನಿಲ್ಲುವುದಿಲ್ಲ.

ಈ ವ್ಯತ್ಯಾಸ ಚಿಕ್ಕದಲ್ಲ. ನಿದ್ದೆಗೆಟ್ಟವರಿಗೆ ಮುಖ್ಯವಾಗಿ ಕಣ್ಣೆಳೆಯುತ್ತದೆ, ಗಮನ ತಪ್ಪುತ್ತದೆ. ನಾಲ್ಕಾರು ದಿನ ಚೆನ್ನಾಗಿ ಮಲಗಿದರೆ ಬಹುಮಟ್ಟಿಗೆ ಸರಿಹೋಗುತ್ತಾರೆ. ರಕ್ತ ಕಡಿಮೆಯಾದವರಿಗೆ ಕಣ್ಣೆಳೆಯದಿದ್ದರೂ ಮೈಯಲ್ಲಿ ಕಸುವಿರುವುದಿಲ್ಲ, ದಮ್ಮು ಸಾಲುವುದಿಲ್ಲ. ಮಂಜುಳಾ ಈ ಪರೀಕ್ಷೆಯನ್ನು ಗೊತ್ತಿಲ್ಲದೆಯೇ ಮಾಡಿಕೊಂಡಳು. ಊರ ಜಾತ್ರೆಗೆಂದು ರಜೆ ಹಾಕಿ ತವರಿಗೆ ಹೋದವಳು ಒಂದು ವಾರಕ್ಕಿಂತ ಹೆಚ್ಚು ದಿನ ರಾತ್ರಿ ಹೊತ್ತೇ ಮಲಗಿದಳು. ಸುಸ್ತು ಎಳ್ಳಷ್ಟೂ ಇಳಿಯಲಿಲ್ಲ. ಅದರ ಮೇಲೆ, ಹಾಸಿಗೆಗೆ ಬಿದ್ದ ಕೂಡಲೇ ಮೀನಖಂಡದಲ್ಲಿ ಏನೋ ಹರಿದಾಡಿದಂತಾಗಿ, ಕಾಲು ಆಡಿಸದೆ ಇರಲಾಗುತ್ತಿರಲಿಲ್ಲ. ಎದ್ದು ಓಡಾಡಿದರೆ ಹಿತ, ಮಲಗಿದರೆ ಮತ್ತೆ ಅದೇ. ಪಾಳಿಯೇ ಇಲ್ಲದ ಊರಿನಲ್ಲಿ ಪಾಳಿಯ ಸುಸ್ತು ಹೇಗೆ ಬಂತು? ಈ ಪ್ರಶ್ನೆ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಿತು.

ಡಾಕ್ಟರಮ್ಮ ಪಾಳಿಯ ವಿಷಯ ಕೇಳಿಸಿಕೊಂಡರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು.

"ಮುಟ್ಟು ಎಷ್ಟು ದಿನ ಇರುತ್ತಮ್ಮ?"

"ಏಳೆಂಟು ದಿನ, ಮೇಡಂ. ಎಲ್ರಿಗೂ ಇರೋದೇ ಅಲ್ವಾ?"

"ಪ್ಯಾಡ್ ಎಷ್ಟು ಹೊತ್ತಿಗೊಂದ್ಸಲ ಬದಲಾಯಿಸ್ತೀಯ?"

ಮೊದಲ ಮೂರು ದಿನ ಎರಡು ಗಂಟೆಗೊಂದು, ಗಡ್ಡೆಗಡ್ಡೆಯಾಗಿಯೂ ಹೋಗುತ್ತದೆ ಎಂದಳು. ಅದು ಹೆಚ್ಚು ಎಂದು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಅವಳು ಬೆಚ್ಚಿಬಿದ್ದಳು.

"ಹಸಿ ಅಕ್ಕಿ, ಮಣ್ಣು, ಬಳಪ ಏನಾದ್ರೂ ತಿನ್ಬೇಕು ಅನ್ಸುತ್ತಾ?"

ಮಗಳ ಪೆಟ್ಟಿಗೆಯಿಂದ ಬಳಪ ಕದ್ದು ತಿನ್ನುವುದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತದೆ ಎಂದು ಗದರಿಸಿ ಬಿಡುವ ನಮಗೆ, ಈ ಚಪಲ ಎಷ್ಟೋ ಸಲ ಕಬ್ಬಿಣದ ಕೊರತೆಯ ಗುರುತೆಂದು ಗೊತ್ತಿರುವುದಿಲ್ಲ. ಮಲಗಿದಾಗ ಕಾಲು ಹರಿದಾಡುವ ಬಾಧೆಗೂ ಅದೇ ಕೊರತೆ ಒಂದು ಕಾರಣ.

ರಕ್ತದ ವರದಿ ಬಂತು. ಹಿಮೋಗ್ಲೋಬಿನ್ 7.8. ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ತೀವ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೆಂಪು ಕಣಗಳು ಗಾತ್ರದಲ್ಲಿ ಸಣ್ಣವಾಗಿದ್ದವು. ಇಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಥಲಸ್ಸೀಮಿಯಾ ಅಂಶ ವಂಶದಲ್ಲಿ ಇದ್ದವರಲ್ಲೂ ಕಣ ಸಣ್ಣದಾಗಿರುತ್ತದೆ, ಅವರಿಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ಅದಕ್ಕೇ ಫೆರಿಟಿನ್ ಪರೀಕ್ಷೆ. ಮೈಯೊಳಗೆ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ಅದು ಹೇಳುತ್ತದೆ. 15ಕ್ಕಿಂತ ಕಡಿಮೆಯಾದರೆ ದಾಸ್ತಾನು ಬರಿದಾದಂತೆ. ಮಂಜುಳಾಳದು 4. ಥೈರಾಯ್ಡ್, ಸಕ್ಕರೆ ಎರಡನ್ನೂ ನೋಡಿದರು. ಸುಸ್ತಿಗೆ ಅವೂ ಕಾರಣವಾಗಬಹುದು, ಆದರೆ ಇವಳಲ್ಲಿ ಸರಿಯಾಗಿದ್ದವು.

ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 11.2 ಇತ್ತು. "ಸ್ವಲ್ಪ ಕಡಿಮೆ, ಬೀಟ್‌ರೂಟ್ ತಿನ್ನಿ" ಎಂದು ಯಾರೋ ಹೇಳಿ ಕಳಿಸಿದ್ದರು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣ ಕೂಡ ಇರುವುದಿಲ್ಲ. ಕಬ್ಬಿಣ ಕಣಜದಲ್ಲಿಟ್ಟ ರಾಗಿಯಿದ್ದಂತೆ: ತಳ ಗೋರುವವರೆಗೂ ಅಡುಗೆಮನೆಯಲ್ಲಿ ಕೊರತೆ ಕಾಣುವುದಿಲ್ಲ. ಅಂದರೆ 11.2 ಬಂದ ದಿನವೇ ಅವಳ ದಾಸ್ತಾನು ಬಹುಶಃ ಮುಗಿದಿತ್ತು.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಒಳ್ಳೆಯ ರಕ್ತದ ಒಂದು ಮಿಲಿಲೀಟರಿನಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ಹೋದರೆ ಅತಿಸ್ರಾವ ಎನ್ನುತ್ತಾರೆ. ಅಲ್ಲಿಗೆ 40 ಮಿಲಿಗ್ರಾಂ ಹೋಯಿತು. ಬೆವರು, ಚರ್ಮ, ಕರುಳಿನ ಮೂಲಕ ದಿನಕ್ಕೆ ಸುಮಾರು 1 ಮಿಲಿಗ್ರಾಂ, ತಿಂಗಳಿಗೆ 30. ಒಟ್ಟು 70. ಊಟದಿಂದ ಮೈಗೆ ಹತ್ತುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಮಾಂಸದ್ದರಷ್ಟು ಸುಲಭವಾಗಿ ಹತ್ತುವುದಿಲ್ಲ. ಅದರ ಜೊತೆಗೆ ಚಹಾ ಕುಡಿದರೆ ಅದೂ ಅರ್ಧಕ್ಕಿಂತ ಕಡಿಮೆಯಾಗಬಹುದು. ಊಟದ ಬಿಡುವಿನಲ್ಲಿ ಡಬ್ಬಿಯ ಜೊತೆಗೇ ಚಹಾ ಕುಡಿಯುತ್ತಿದ್ದ ಮಂಜುಳಾ ಸುಸ್ತಿಗೆ ಮದ್ದೆಂದುಕೊಂಡೇ ಸುಸ್ತು ಹೆಚ್ಚಿಸಿಕೊಂಡಿದ್ದಳು. ಪಾಳಿಯ ಪಾಲು ಇದ್ದದ್ದು ಇಲ್ಲಿ.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಗೋಡೆಯ ಕಡೆ ಚಾಚಿದ ಒಂದು ನಾರುಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಆದರೆ ಈ ಜಾಗದ ಗಡ್ಡೆ ಚಿಕ್ಕದಾದರೂ ರಕ್ತ ಹೆಚ್ಚು ಹರಿಸುತ್ತದೆ.

ಚಿಕಿತ್ಸೆ ಎರಡು ಕಡೆಯಿಂದ ಶುರುವಾಯಿತು. ಮುಟ್ಟಿನ ದಿನಗಳಿಗೆ ಸ್ರಾವ ತಗ್ಗಿಸುವ ಮಾತ್ರೆ. ಜೊತೆಗೆ ಕಬ್ಬಿಣದ ಮಾತ್ರೆ, ಅದೂ ದಿನ ಬಿಟ್ಟು ದಿನ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಕಿರಿದಾಗಿಸುತ್ತದೆ. ಮರುದಿನದ ಮಾತ್ರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ, ಹೊಟ್ಟೆಯುರಿಯನ್ನೂ ಕೊಡಬಹುದು. ಹಾಗಾಗಿ ಈಗ ಹಲವು ವೈದ್ಯರು ಹೀಗೆ ಕೊಡುತ್ತಾರೆ. ದಿನವೂ ಕೊಡುವವರೂ ಇದ್ದಾರೆ, ಮಾತ್ರೆ ಒಗ್ಗದಿದ್ದರೆ ಡ್ರಿಪ್ ಮೂಲಕವೂ ಕೊಡುತ್ತಾರೆ. ಮಂಜುಳಾ ಎದ್ದೇಳುವುದು ಮಧ್ಯಾಹ್ನ ಎರಡಕ್ಕೆ. ಆಗ ಖಾಲಿ ಹೊಟ್ಟೆಗೆ ನಿಂಬೆ ನೀರಿನ ಜೊತೆ ಮಾತ್ರೆ, ಚಹಾ ಎರಡು ಗಂಟೆ ಬಿಟ್ಟು. ಮಲ ಕಪ್ಪಗಾಗುತ್ತದೆ, ಹೆದರಬೇಡ ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಅದನ್ನು ಕಂಡೇ ಮಾತ್ರೆ ಬಿಡುತ್ತಾರೆ.

ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 9.7ಕ್ಕೆ ಬಂತು. ಬಳಪದ ಆಸೆ ಅದಕ್ಕೂ ಮೊದಲೇ ಹೋಗಿತ್ತು, ಅವಳು ಗಮನಿಸಿರಲೂ ಇಲ್ಲ. ಮಾತ್ರೆ ನಿಲ್ಲಿಸಬಹುದಾ ಎಂದು ಕೇಳಿದಳು. ಡಾಕ್ಟರಮ್ಮ ಒಪ್ಪಲಿಲ್ಲ: ಹಿಮೋಗ್ಲೋಬಿನ್ 12 ದಾಟಿದ ಮೇಲೂ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು, ಆಮೇಲೆ ಫೆರಿಟಿನ್ ನೋಡಿ ಗಡ್ಡೆ ತೆಗೆಯುವ ಮಾತು. ಅಟ್ಟದ ಮೆಟ್ಟಿಲನ್ನು ಈಗ ನಿಲ್ಲದೆ ಹತ್ತುತ್ತಾಳೆ. ಬೆಳಗಿನ ಜಾವ ಮೂರಕ್ಕೆ ಮಾತ್ರ ಎಲ್ಲರಂತೆ ಆಕಳಿಸುತ್ತಾಳೆ.